ಎರಡನೇ ಬಲ್ಬಿಗೆ ಎಷ್ಟು ಕರೆಂಟು ಉಳಿಯುತ್ತದೆ?

ಪ್ರಶ್ನೆ: ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಮೊದಲನೆಯದು ಕರೆಂಟು ತಿಂದು ಉಳಿದದ್ದನ್ನು ಎರಡನೆಯದಕ್ಕೆ ಬಿಡುತ್ತದೆ ಎನ್ನುವುದು ಮಕ್ಕಳ ನಂಬಿಕೆ. ಹಾಗಲ್ಲ ಎಂದು ತೋರಿಸಲು ಪ್ರಯೋಗ ಮಾಡಿದರೆ ಎರಡನೇ ಬಲ್ಬು ನಿಜಕ್ಕೂ ಮಂಕಾಗಿ ಉರಿಯಿತು. ಈಗ ಈ ಪಾಠವನ್ನು ಹೇಗೆ ಯೋಜಿಸಲಿ?

ಉತ್ತರ: ಟೀಚರೇ, ನಿಮ್ಮ ಜೋಡಣೆ ಸರಿಯಾಗಿಯೇ ಇತ್ತು. ಬಲ್ಬುಗಳು ಒಂದೇ ಥರ ಇರಲಿಲ್ಲ, ಅಷ್ಟೆ. ಬುಡದಲ್ಲಿ 2.5 ವೋಲ್ಟ್, 0.3 ಆಂಪಿಯರ್ ಎಂದೇ ಬರೆದಿರುವ ಎರಡು ಟಾರ್ಚ್ ಬಲ್ಬುಗಳ ತಂತುಗಳಲ್ಲೂ ಸಣ್ಣ ವ್ಯತ್ಯಾಸ ಇರುತ್ತದೆ. ಸರಣಿಯಲ್ಲಿ ಎರಡರಲ್ಲೂ ಹರಿಯುವುದು ಒಂದೇ ಪ್ರವಾಹವಾದ್ದರಿಂದ, ರೋಧ ಹೆಚ್ಚಿರುವ ತಂತುವಿಗೆ ವೋಲ್ಟೇಜಿನ ಹೆಚ್ಚಿನ ಪಾಲು ಸಿಗುತ್ತದೆ, ಅದು ಹೆಚ್ಚು ಬಿಸಿಯಾಗಿ ಹೆಚ್ಚು ಬೆಳಗುತ್ತದೆ. ಪೂರ್ತಿ ವೋಲ್ಟೇಜಿನಲ್ಲಿ ಒಂದೊಂದಾಗಿ ಉರಿಸಿದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಎರಡು ಸೆಲ್ಲಿನ 3 ವೋಲ್ಟನ್ನು ಇಬ್ಬರೂ ಹಂಚಿಕೊಂಡು ಕಿತ್ತಳೆ ಬಣ್ಣದಲ್ಲಿ ಉರಿಯುವಾಗ ಎದ್ದು ಕಾಣುತ್ತದೆ. ಅದೂ ಮಂಕಾದದ್ದು ಎರಡನೇ ಜಾಗದಲ್ಲೇ ಬಂದುಬಿಟ್ಟರೆ ಮಕ್ಕಳ ತಪ್ಪು ಕಲ್ಪನೆಗೆ ನಾವೇ ಸಾಕ್ಷಿ ಒದಗಿಸಿದ ಹಾಗೆ. ಕಲಿಸಲು ಶುರು ಮಾಡಿದ ಹೊಸತರಲ್ಲಿ ನನಗೂ ಹೀಗೇ ಆಗಿತ್ತು. "ಸಾರ್, ನಾವು ಹೇಳಿದ್ದೇ ಸರಿ ಅಲ್ವಾ" ಎಂದು ಮಕ್ಕಳು ಕೇಳಿದಾಗ ಉತ್ತರಿಸಲು ಒಂದು ವಾರ ಬೇಕಾಯಿತು.

ಆದ್ದರಿಂದ ಪಾಠದ ತಯಾರಿ ಹಿಂದಿನ ದಿನ ಸಂಜೆಯೇ ಶುರುವಾಗಬೇಕು. ಎರಡು ಸೆಲ್ ಇಟ್ಟು, ಪೆಟ್ಟಿಗೆಯ ಬಲ್ಬುಗಳನ್ನು ಎರಡೆರಡಾಗಿ ಸರಣಿಯಲ್ಲಿ ಉರಿಸಿ ನೋಡಿ. ಸಮನಾಗಿ ಬೆಳಗುವ ಜೋಡಿಗಳಿಗೆ ಒಂದೇ ಬಣ್ಣದ ಉಗುರು ಬಣ್ಣದ ಚುಕ್ಕೆ ಇಡಿ. ಹೊಂದದ ಒಂದು ಜೋಡಿಯನ್ನು ಮಾತ್ರ ಎತ್ತಿಟ್ಟುಕೊಳ್ಳಿ, ಎರಡನೇ ದಿನ ಅದರಷ್ಟು ಉಪಯುಕ್ತ ವಸ್ತು ಬೇರೆ ಇಲ್ಲ.

ಈ ಕಲ್ಪನೆ ಮಕ್ಕಳಿಗೆ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ನಮ್ಮ ಕಡೆಯ ಮಕ್ಕಳು ಅಡಿಕೆ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುವುದನ್ನು ನೋಡಿ ಬೆಳೆದವರು. ಪಂಪಿನ ಹತ್ತಿರದ್ದು ಜೋರಾಗಿ ಚಿಮ್ಮುತ್ತದೆ, ಸಾಲಿನ ಕೊನೆಯದು ತೊಟ್ಟಿಕ್ಕುತ್ತದೆ. ಮನೆಯಲ್ಲಿ "ಹಳೇ ಫ್ರಿಜ್ಜು ತುಂಬ ಕರೆಂಟು ತಿನ್ನುತ್ತದೆ" ಎನ್ನುತ್ತಾರೆ. ಇವೆರಡನ್ನೂ ಕೂಡಿಸಿದ ಮಗು ಮೊದಲ ಬಲ್ಬು ಹೆಚ್ಚು ತಿನ್ನುತ್ತದೆ ಎಂದರೆ ಅದು ದಡ್ಡತನವಲ್ಲ, ತನಗೆ ಗೊತ್ತಿರುವುದರಿಂದ ಮಾಡಿದ ತರ್ಕ. ನ್ಯೂಜಿಲೆಂಡಿನ ವಿಜ್ಞಾನ ಶಿಕ್ಷಣ ಸಂಶೋಧಕ ರೋಜರ್ ಓಸ್‌ಬಾರ್ನ್ 1980ರ ದಶಕದಲ್ಲಿ ಅಲ್ಲಿನ ಮಕ್ಕಳನ್ನು ಮಾತಾಡಿಸಿದಾಗಲೂ ಇದೇ ಕಲ್ಪನೆ ಸಿಕ್ಕಿತ್ತು. ತೋಟಕ್ಕೂ ವಿದ್ಯುತ್ ಮಂಡಲಕ್ಕೂ ಇರುವ ವ್ಯತ್ಯಾಸ ಇಷ್ಟೇ: ಸ್ಪ್ರಿಂಕ್ಲರಿನಿಂದ ನೀರು ಪೈಪು ಬಿಟ್ಟು ಹೊರಗೆ ಹೋಗುತ್ತದೆ, ಬಲ್ಬಿನಿಂದ ಪ್ರವಾಹ ಹೊರಗೆ ಹೋಗುವುದಿಲ್ಲ. ಆದರೆ ಇದನ್ನು ಮೊದಲೇ ಹೇಳಬೇಡಿ.

ಮೊದಲ ಪೀರಿಯಡ್ಡಿನಲ್ಲಿ ಎರಡು ಸೆಲ್, ಸ್ವಿಚ್, ಹೊಂದುವ ಒಂದು ಜೋಡಿ ಬಲ್ಬು ಮೇಜಿನ ಮೇಲಿರಲಿ, ಸ್ವಿಚ್ ತೆರೆದಿರಲಿ. ಬೋರ್ಡಿನಲ್ಲಿ ಚಿತ್ರ ಬರೆದು ಸೆಲ್ಲಿನ ಧನ ತುದಿಯ ಕಡೆಯ ಬಲ್ಬಿಗೆ ಅ, ಇನ್ನೊಂದಕ್ಕೆ ಆ ಎಂದು ಹೆಸರಿಡಿ. ಸ್ವಿಚ್ ಒತ್ತಿದರೆ ಅ ಹೆಚ್ಚು ಬೆಳಗುತ್ತದೋ, ಆ ಹೆಚ್ಚು ಬೆಳಗುತ್ತದೋ, ಎರಡೂ ಸಮವೋ? ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಉತ್ತರವನ್ನೂ "ಯಾಕೆಂದರೆ" ಎಂದು ಒಂದು ವಾಕ್ಯವನ್ನೂ ಬರೆಯಲಿ. ಕೈ ಎತ್ತಿಸಬೇಡಿ, ತರಗತಿಯ ಜಾಣರ ಕೈ ನೋಡಿ ಉಳಿದವರ ಕೈ ಏಳುತ್ತದೆ. ಬರೆದ ಮಗುವಿಗೆ ಮಾತ್ರ ಫಲಿತಾಂಶ ಅಚ್ಚರಿ ತರುತ್ತದೆ. ಬರೆಯದವರು "ನಾನೂ ಅದನ್ನೇ ಅಂದ್ಕೊಂಡಿದ್ದೆ" ಎಂದು ಸುಮ್ಮನಾಗುತ್ತಾರೆ. ಆಮೇಲೆ ಚೀಟಿಗಳನ್ನು ಎಣಿಸಿ ಸಂಖ್ಯೆಯನ್ನು ಬೋರ್ಡಿನಲ್ಲಿ ಹಾಕಿ, ಮೂರೂ ಬಗೆಯ ಕಾರಣಗಳನ್ನು ಹೆಸರು ಹೇಳದೆ ಓದಿ. "ಆ ಹೆಚ್ಚು" ಎನ್ನುವವರೂ ಒಬ್ಬಿಬ್ಬರು ಇರುತ್ತಾರೆ. ಎಲೆಕ್ಟ್ರಾನು ಋಣ ತುದಿಯಿಂದ ಹೊರಡುತ್ತದೆ ಎಂದು ಎಲ್ಲೋ ಓದಿದವರು ಅವರು. ದಿಕ್ಕು ಬೇರೆ, "ಮೊದಲು ಸಿಕ್ಕವನಿಗೆ ಹೆಚ್ಚು" ಎಂಬ ನಂಬಿಕೆ ಮಾತ್ರ ಅದೇ. ಓದುವಾಗ ಸರಿ ಉತ್ತರಕ್ಕೆ ನಿಮ್ಮ ಮುಖ ಅರಳದಂತೆ ನೋಡಿಕೊಳ್ಳಿ, ಮಕ್ಕಳು ಅದನ್ನೇ ಕಾಯುತ್ತಿರುತ್ತಾರೆ.

ಸ್ವಿಚ್ ಒತ್ತಿ. ಎರಡೂ ಸಮನಾಗಿ ಉರಿಯುತ್ತವೆ. ನಮ್ಮಲ್ಲಿ ಬಹುಪಾಲು ಶಿಕ್ಷಕರು ಪಾಠವನ್ನು ಇಲ್ಲಿಗೆ ಮುಗಿಸುತ್ತಾರೆ, ದೊಡ್ಡ ತಪ್ಪು ಆಗುವುದೂ ಇಲ್ಲೇ. ಯಾಕೆ ಸಮವಾಯಿತು ಎಂದು ಕೇಳಿ ನೋಡಿ. "ಅರ್ಧ ಅರ್ಧ ಹಂಚಿಕೊಂಡವು" ಎನ್ನುತ್ತಾರೆ. ಕರೆಂಟು ಖರ್ಚಾಗುತ್ತದೆ ಎಂಬ ನಂಬಿಕೆ ಹಾಗೇ ಉಳಿದಿದೆ, ಪಾಲು ಮಾತ್ರ ಸಮವಾಗಿದೆ. ಬಲ್ಬಿನ ಬೆಳಕು ಈ ಕಲ್ಪನೆಯನ್ನು ತಪ್ಪೆಂದು ತೋರಿಸಲಾರದು, ಏಕೆಂದರೆ ಇದೂ ಸಮಬೆಳಕನ್ನೇ ನಿರೀಕ್ಷಿಸುತ್ತದೆ.

ಹಾಗಾಗಿ ಆಗಲೇ ಎರಡನೇ ಚೀಟಿ ಬರೆಸಿ. ಸೆಲ್ ಮತ್ತು ಅ ನಡುವೆ, ಅ ಮತ್ತು ಆ ನಡುವೆ, ಆ ದಾಟಿ ಸೆಲ್ಲಿಗೆ ಮರಳುವ ತಂತಿಯಲ್ಲಿ, ಈ ಮೂರು ಕಡೆ ಅಮ್ಮೀಟರ್ ಎಷ್ಟು ತೋರಿಸುತ್ತದೆ? ಮೊದಲ ಜಾಗದ ಅಳತೆಯನ್ನು ನೀವೇ ಮಾಡಿ ಕೊಡಿ. ನಾನು ಹೇಳಿದ ಬಲ್ಬುಗಳಲ್ಲಿ ಅದು 0.22 ಆಂಪಿಯರಿನ ಆಸುಪಾಸು ಇರುತ್ತದೆ. ಹಂಚಿಕೆಯನ್ನು ನಂಬಿದವರು ನಡುವೆ 0.11, ಕೊನೆಗೆ ಸೊನ್ನೆ ಎಂದು ಬರೆಯುತ್ತಾರೆ. ಈಗ ಅವರ ಕಲ್ಪನೆ ಒಂದು ಸಂಖ್ಯೆಯಾಯಿತು, ಅಳೆದು ನೋಡಬಹುದು.

ಅಳೆಯುವಾಗ ಎರಡು ಎಚ್ಚರ ಬೇಕು. ಮಲ್ಟಿಮೀಟರಾದರೆ ಕೆಂಪು ತಂತಿಯನ್ನು 10 ಆಂಪಿಯರಿನ ತೂತಿಗೆ ಹಾಕಿ, ಗುಂಡಿಯನ್ನೂ ಡಿಸಿ 10 ಆಂಪಿಯರಿಗೆ ತಿರುಗಿಸಿ. 200 ಮಿಲಿಆಂಪಿಯರಿನ ಜಾಗದಲ್ಲಿ ಒಳಗಿನ ಫ್ಯೂಸು ಹೋದೀತು. ಮೀಟರನ್ನು ತಂತಿ ಬಿಡಿಸಿ ನಡುವೆಯೇ ಸೇರಿಸಬೇಕು, ಸೆಲ್ಲಿನ ಎರಡು ತುದಿಗೆ ಅಡ್ಡವಾಗಿ ಇಟ್ಟರೆ ಶಾರ್ಟ್ ಆಗುತ್ತದೆ. ಎರಡನೆಯದು ಸೆಲ್ಲಿನ ವಿಷಯ. ಬಲ್ಬು ಉರಿಯುತ್ತಿದ್ದಂತೆ ಸೆಲ್ ಇಳಿಯುತ್ತದೆ, ಮೀಟರನ್ನು ಜಾಗದಿಂದ ಜಾಗಕ್ಕೆ ಬದಲಾಯಿಸುವಷ್ಟರಲ್ಲಿ 0.22 ಇದ್ದದ್ದು 0.21 ಆಗಬಹುದು. "ನೋಡಿ, ಸ್ವಲ್ಪ ತಿಂದಿತು!" ಎಂಬ ಕೂಗು ಏಳುತ್ತದೆ. ಅದಕ್ಕೇ ಮೂರನೇ ಅಳತೆ ಆದ ಮೇಲೆ ಮೊದಲ ಜಾಗಕ್ಕೆ ಮರಳಿ ಇನ್ನೊಮ್ಮೆ ಅಳೆಯಿರಿ. ಅಲ್ಲೂ ಈಗ 0.21 ಬಂದರೆ ಇಳಿದದ್ದು ಸೆಲ್, ದಾರಿಯಲ್ಲಿ ಏನೂ ಕಳೆದಿಲ್ಲ. ಅಳತೆಗಳ ನಡುವೆ ಸ್ವಿಚ್ ತೆರೆದಿಟ್ಟರೆ ಈ ತೊಂದರೆಯೇ ಕಡಿಮೆ.

ಮರಳುವ ತಂತಿಯಲ್ಲೂ ಅಷ್ಟೇ ಪ್ರವಾಹ ಕಂಡಾಗ ತರಗತಿ ಒಂದು ಕ್ಷಣ ಸ್ತಬ್ಧವಾಗುತ್ತದೆ. ಆ ಮೌನವನ್ನು ನೀವು ತುಂಬಬೇಡಿ. ಇಬ್ಬಿಬ್ಬರು ಮಾತಾಡಿಕೊಳ್ಳಲಿ, ಮೂರು ನಿಮಿಷ ಕೊಡಿ. ಕೇಳಬೇಕಾದದ್ದು "ಸರಿ ಉತ್ತರ ಏನು" ಎಂದಲ್ಲ, "ನಿನ್ನ ಚೀಟಿಯ ಯಾವ ಮಾತನ್ನು ಈಗ ತಿದ್ದುತ್ತೀ" ಎಂದು. ಸ್ವಲ್ಪ ಹೊತ್ತಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಕರೆಂಟು ಖರ್ಚಾಗುವುದಿಲ್ಲ ಅಂದ್ರೆ ಸೆಲ್ ಯಾಕೆ ಖಾಲಿ ಆಗ್ತದೆ?" ಈ ಪ್ರಶ್ನೆ ಮಕ್ಕಳಿಂದಲೇ ಬರಲಿ ಎಂದೇ ಇಷ್ಟೆಲ್ಲ ಮಾಡಿದ್ದು.

ಈಗ ಹಗ್ಗ ತನ್ನಿ. ಬಟ್ಟೆ ಒಣಗಿಸುವ ನುಣುಪಾದ ನೈಲಾನ್ ಹಗ್ಗ ಆಗಬಹುದು, ತೆಂಗಿನ ನಾರಿನದು ಬೇಡ, ಅಂಗೈ ಉಜ್ಜಿಹೋಗುತ್ತದೆ. ಎರಡು ತುದಿ ಕಟ್ಟಿ ದೊಡ್ಡ ಕುಣಿಕೆ ಮಾಡಿ. ಮಕ್ಕಳು ವೃತ್ತವಾಗಿ ನಿಂತು ಬೆರಳುಗಳನ್ನು ಸಡಿಲ ಉಂಗುರದಂತೆ ಮಾಡಿ ಅದರೊಳಗೆ ಹಗ್ಗ ಹಾಯಲು ಬಿಡಲಿ. ನೀವು ಸೆಲ್, ಹಗ್ಗವನ್ನು ಎಡಗೈಯಿಂದ ಬಲಗೈಗೆ ಎಳೆಯುತ್ತಾ ಇರಿ. ಒಂದು ಮಗು ಸ್ವಲ್ಪ ಬಿಗಿಯಾಗಿ ಹಿಡಿಯಲಿ, ಅದು ಬಲ್ಬು. ಆ ಮಗುವಿನ ಬೆರಳು ಬೆಚ್ಚಗಾಗುತ್ತದೆ, ಆದರೂ ಒಳಬರುವ ಹಗ್ಗದಷ್ಟೇ ಹಗ್ಗ ಹೊರಹೋಗುತ್ತದೆ. ಇನ್ನೊಂದು ಮಗು ಬಿಗಿ ಹಿಡಿದರೆ ವೃತ್ತದ ಉದ್ದಕ್ಕೂ ಹಗ್ಗ ಒಟ್ಟಿಗೇ ನಿಧಾನವಾಗುತ್ತದೆ. ದಣಿಯುವುದು ನಿಮ್ಮ ತೋಳು. ಹಗ್ಗ ಪ್ರವಾಹ, ಬೆರಳಿನ ಬಿಸಿ ಶಕ್ತಿ, ತೋಳಿನ ದಣಿವು ಸೆಲ್ಲಿನೊಳಗಿನ ರಾಸಾಯನಿಕ ಮುಗಿಯುವುದು. ಕರೆಂಟು ಬಿಲ್ಲಿನ ಯೂನಿಟ್ಟು ಕಿಲೋವ್ಯಾಟ್-ಗಂಟೆ, ಅಂದರೆ ಹಣ ಕೊಡುವುದು ಶಕ್ತಿಗೆ ಎಂದು ಆಗ ಹೇಳಿದರೆ ಫ್ರಿಜ್ಜು ತಿನ್ನುವುದು ಏನನ್ನು ಎಂಬುದೂ ಸರಿಹೋಗುತ್ತದೆ. ಒಂದು ಮಿತಿ ನೆನಪಿರಲಿ: ಸಮಾಂತರ ಜೋಡಣೆಗೆ ಬಂದಾಗ ಈ ಹಗ್ಗ ಕೆಲಸಕ್ಕೆ ಬಾರದು, ಅಲ್ಲಿಗೆ ಎಳೆಯಬೇಡಿ.

ಎರಡನೇ ದಿನ ಹೊಂದದ ಜೋಡಿ. ನೀವು ಕಂಡ ಹಾಗೆಯೇ ಒಂದು ಮಂಕು, ಒಂದು ಪ್ರಖರ. ಮಂಕಾದದ್ದು ಎರಡನೇ ಜಾಗದಲ್ಲಿರುವಂತೆ ಜೋಡಿಸಿ ತೋರಿಸಿ, ನಿನ್ನೆಯ ಮಾತು ಸುಳ್ಳೇ ಎಂದು ಕೇಳಿ. ಆಮೇಲೆ ಚೀಟಿ: ಎರಡು ಬಲ್ಬುಗಳ ಜಾಗ ಅದಲುಬದಲು ಮಾಡಿದರೆ ಏನಾಗುತ್ತದೆ? "ಮೊದಲು ಸಿಕ್ಕವನಿಗೆ ಹೆಚ್ಚು" ಎಂಬುದು ನಿಜವಾದರೆ ಪ್ರಖರತೆ ಮೊದಲ ಜಾಗದಲ್ಲೇ ಉಳಿಯಬೇಕು. ಬದಲಿಸಿ ನೋಡಿದರೆ ಅದು ಬಲ್ಬಿನ ಜೊತೆಗೇ ಹೋಗುತ್ತದೆ. ಜಾಗ ಕಾರಣವಲ್ಲ, ಬಲ್ಬು ಕಾರಣ ಎಂದು ಮಕ್ಕಳೇ ಹೇಳುತ್ತಾರೆ. ಸೆಲ್ಲುಗಳನ್ನು ತಿರುಗಿಸಿಟ್ಟರೂ ಹಾಗೆಯೇ. ನಿಮ್ಮ ಪಾಠ ಕೆಡಿಸಿದ ಆ ಜೋಡಿಯೇ ಅದನ್ನು ಗಟ್ಟಿ ಮಾಡುತ್ತದೆ.

ಬಲ್ಬು ಕೊಳ್ಳುವಾಗ ತಂತುವಿನ ಬಲ್ಬನ್ನೇ ಕೇಳಿ. ಈಗಿನ ಟಾರ್ಚುಗಳ ಎಲ್‌ಇಡಿ ಈ ಪಾಠಕ್ಕೆ ಆಗದು. ತಿರುಗಿಸಿಟ್ಟರೆ ಹತ್ತುವುದಿಲ್ಲ, ಬಿಳಿ ಎಲ್‌ಇಡಿ ಒಂದಕ್ಕೇ ಸುಮಾರು 3 ವೋಲ್ಟ್ ಬೇಕಾದ್ದರಿಂದ ಎರಡನ್ನು ಸರಣಿಯಲ್ಲಿಟ್ಟರೆ ಎರಡೂ ಕತ್ತಲು. ಮಕ್ಕಳು ಅದರಿಂದ ಬೇರೆಯೇ ಪಾಠ ಕಲಿಯುತ್ತಾರೆ.

ಎರಡು ವಾರ ಬಿಟ್ಟು, ಹೇಳದೆ ಕೇಳದೆ ಒಂದು ಚೀಟಿ ಬರೆಸಿ. ಒಂದು ಬಲ್ಬು, ಅದನ್ನು ದಾಟಿದ ಮೇಲೆ, ಮರಳುವ ತಂತಿಯಲ್ಲಿ, ಉದ್ದಕ್ಕೆ ಸೀಳಿದ 2ಬಿ ಪೆನ್ಸಿಲಿನ ಕಡ್ಡಿ. ಕಡ್ಡಿಯ ಮೇಲೆ ಕ್ಲಿಪ್ಪನ್ನು ದೂರ ಜಾರಿಸಿದರೆ ಬಲ್ಬಿನ ಬೆಳಕು ಬದಲಾಗುತ್ತದೋ? "ಇಲ್ಲ, ಕರೆಂಟು ಆಗಲೇ ಬಲ್ಬನ್ನು ದಾಟಿ ಹೋಗಿದೆ" ಎಂದು ಬರೆದವರು ಎಷ್ಟು ಎಂದು ಎಣಿಸಿ. ಕ್ಲಿಪ್ ಜಾರಿಸಿದಾಗ ಬಲ್ಬು ಮಂಕಾಗುವುದನ್ನು ಅವರು ನೋಡಲಿ. ಆ ದಿನ ಅಂಥ ಚೀಟಿ ಬರೆದವರ ಕೈಗೆ ಮತ್ತೆ ಹಗ್ಗ ಕೊಡಿ. ಈ ಸಲ "ಬಲ್ಬಿನ" ನಂತರ ನಿಂತ ಮಗು ಬಿಗಿ ಹಿಡಿಯಲಿ, "ಬಲ್ಬು" ಆಗಿರುವ ಮಗು ತನ್ನ ಬೆರಳಿಗೆ ಏನು ಗೊತ್ತಾಯಿತು ಎಂದು ಹೇಳಲಿ.