ಗೇಮ್ ಚಾಟ್‌ನಲ್ಲಿ ಅಪರಿಚಿತರು: ಯಾವ ಮಾತಿಗೆ ಎಚ್ಚರವಾಗಬೇಕು?

"ಮಗನಿಗೆ 11 ವರ್ಷ. ಗೇಮ್‌ನಲ್ಲಿ ಯಾರೋ ಗೊತ್ತಿಲ್ಲದವನ ಜೊತೆ ದಿನಾ ಚಾಟ್ ಮಾಡ್ತಾನೆ. ನೋಡಿದೆ, ಕೆಟ್ಟ ಮಾತೇನೂ ಇಲ್ಲ. ಆದ್ರೂ ಭಯ. ಹೇಗೆ ಗೊತ್ತಾಗುತ್ತೆ?"

ಕೆಟ್ಟ ಮಾತು ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಆ ಅಪರಿಚಿತ ಏನೇನು ಕೇಳುತ್ತಿದ್ದಾನೆ ಅಂತ ನೋಡಿ.

ನಾನು ಬದಿಯಡ್ಕದ ಕಡೆ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಏಳನೇ ಕ್ಲಾಸಿನ ಹುಡುಗನ ಅಮ್ಮ ಒಮ್ಮೆ ಮೊಬೈಲ್ ತಂದು ತೋರಿಸಿದರು. ಗೇಮ್ ಫ್ರೀ ಫೈರ್ ಮ್ಯಾಕ್ಸ್. ಆ ಕಡೆಯವನು ಮೊದಲು ಹುಡುಗನ ಆಟವನ್ನು ಹೊಗಳಿದ್ದ. ಆಮೇಲೆ ಒಂದು ಸ್ಕಿನ್, ಅಂದರೆ ಗೇಮ್‌ನಲ್ಲಿ ಹಾಕಿಕೊಳ್ಳುವ ವೇಷ, ಗಿಫ್ಟ್ ಕಳಿಸಿದ್ದ. ಊರು, ಕ್ಲಾಸು ಕೇಳಿದ್ದ. ಅಪ್ಪ ಗಲ್ಫಲ್ಲಿದ್ದಾರೆ ಅಂತ ಹುಡುಗ ಹೇಳಿದ. ನಮ್ಮೂರಲ್ಲಿ ಅದೇನು ಗುಟ್ಟಲ್ಲ ಅಲ್ವಾ? ಅಲ್ಲಿಂದ ಪ್ರಶ್ನೆಗಳ ಧಾಟಿಯೇ ಬದಲಾಯಿತು. "ರಾತ್ರಿ ಮನೇಲಿ ಯಾರ್ಯಾರು ಇರ್ತಾರೆ? ಅಮ್ಮ ಎಷ್ಟೊತ್ತಿಗೆ ಮಲಗ್ತಾರೆ? ಮೊಬೈಲ್ ನಿಂದಾ, ಅಮ್ಮಂದಾ?"

ಆಟಕ್ಕೆ ಇದ್ಯಾವುದೂ ಬೇಕಿಲ್ಲ. ಸಿಕ್ಕಿಬೀಳುತ್ತೇನಾ ಇಲ್ಲವಾ ಅಂತ ಅವನು ಲೆಕ್ಕ ಹಾಕುತ್ತಿದ್ದ.

ಮುಂದಿನ ಮಾತು, "ಇಲ್ಲಿ ಬೇಡ, ಟೆಲಿಗ್ರಾಂಗೆ ಬಾ." ಅಲ್ಲಿ ಫೋಟೋ ಕಳಿಸಬಹುದು, ವೀಡಿಯೋ ಕಾಲ್ ಮಾಡಬಹುದು, ಮೆಸೇಜ್ ತಾನಾಗಿ ಅಳಿಸಿ ಹೋಗುವಂತೆಯೂ ಮಾಡಬಹುದು. ಇಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಟೀಮ್ ಕಟ್ಟಿ ಆಡುವ ಮಕ್ಕಳು ಮಾತಾಡಲು ಡಿಸ್ಕಾರ್ಡ್ ಬಳಸುವುದು ಮಾಮೂಲಿ. ಆದರೆ ಒಬ್ಬನನ್ನೇ ಕರೆದು, "ಚಾಟ್ ಡಿಲೀಟ್ ಮಾಡು, ಅಮ್ಮಂಗೆ ಹೇಳ್ಬೇಡ" ಅಂದರೆ ನನಗೆ ಅನುಮಾನ ಉಳಿಯುವುದಿಲ್ಲ. ಸಣ್ಣ ಗುಟ್ಟನ್ನು ಹುಡುಗ ಉಳಿಸಿಕೊಳ್ಳುತ್ತಾನಾ ಅಂತ ಪರೀಕ್ಷೆ ಅದು. ಆಮೇಲೆ ಫೋಟೋ ಕೇಳುತ್ತಾರೆ. ಮೊದಲು ಮುಖದ್ದು ಮಾತ್ರ. ಈ ಹುಡುಗನ ಕಥೆ ಅಲ್ಲಿಗೇ ನಿಂತಿತು, ಅಮ್ಮನ ಕಣ್ಣಿಗೆ ಬಿತ್ತು. ಮುಂದುವರಿದಿದ್ದರೆ ಬೇರೆ ತರದ ಫೋಟೋ, ಕೊಡದಿದ್ದರೆ ಬೆದರಿಕೆ.

ನಿಮ್ಮ ಮಗನ ಚಾಟ್‌ನಲ್ಲೂ ಇಂಥದ್ದು ಕಂಡರೆ ಬೈದು ಮೊಬೈಲ್ ಕಿತ್ತುಕೊಳ್ಳಬೇಡಿ. ಮತ್ತೆ ಅವನು ಬಾಯಿ ಬಿಡುವುದಿಲ್ಲ. ಮಗನ ಹೆಸರಲ್ಲಿ ನೀವೇ ಉತ್ತರ ಕೊಡುವ ಸಾಹಸವೂ ಬೇಡ, ಆ ಕಡೆಯವನಿಗೆ ಸುಳಿವು ಸಿಕ್ಕಿ ಎಲ್ಲ ಅಳಿಸಿ ಹೋಗುತ್ತಾನೆ. ಬ್ಲಾಕ್ ಮಾಡುವ ಮೊದಲು ಇಡೀ ಚಾಟ್‌ನ ಸ್ಕ್ರೀನ್‌ಶಾಟ್ ತೆಗೆಯಿರಿ. ಅವನ ಪ್ರೊಫೈಲ್‌ನಲ್ಲಿರುವ UID ನಂಬರ್ ಬರೆದಿಡಿ. ಹೆಸರನ್ನು ಅವನು ಬದಲಾಯಿಸಬಹುದು, ಪೊಲೀಸರಿಗೆ ಬೇಕಾಗುವುದು ಆ ನಂಬರ್.

ಮಗು ಬಟ್ಟೆಯಿಲ್ಲದ ಫೋಟೋ ಕಳಿಸಿಬಿಟ್ಟಿದ್ದರೆ ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಸಾಕ್ಷಿ ಅಂತ ಮಾವನಿಗೂ ಕಳಿಸಬೇಡಿ. ಅದು ಕಾನೂನಿನಲ್ಲಿ ಅಪರಾಧ. ಮೊಬೈಲನ್ನು ಹಾಗೇ ಸ್ಟೇಷನ್ನಿಗೆ ಒಯ್ಯಿರಿ. ಅವನು ಎದುರಿಗೆ ಬಂದಿಲ್ಲವಲ್ಲ, ಕೇಸ್ ಹೇಗೆ ಅಂತ ಹಿಂಜರಿಯಬೇಡಿ. ಲೈಂಗಿಕ ಉದ್ದೇಶದಿಂದ ಮಗುವನ್ನು ಆನ್‌ಲೈನ್‌ನಲ್ಲಿ ಮತ್ತೆ ಮತ್ತೆ ಸಂಪರ್ಕಿಸುವುದೂ 2012ರ ಪೋಕ್ಸೋ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಬರುತ್ತದೆ. ಸ್ಟೇಷನ್ನಿಗೆ ಹೋಗಲು ಅಂಜಿಕೆಯಾದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. cybercrime.gov.in ನಲ್ಲಿ ಹೆಸರು ಹೇಳದೆಯೂ ಇಂಥ ದೂರು ಕೊಡಬಹುದು.