ಆಷಾಢದಲ್ಲಿ ಮದುವೆ ಇಲ್ಲ, ಕಾಲೇಜಿನ ಕೆಲಸ ಒಪ್ಪಿಕೊಳ್ಳಲಾ?

"ಮದುವೆ ಫೋಟೋಗ್ರಾಫರ್ ನಾನು. ಕಾಲೇಜೊಂದರಲ್ಲಿ ವಾರಕ್ಕೆ ಮೂರು ದಿನ ಪಾಠ, ತಿಂಗಳಿಗೆ 15,000. ಒಪ್ಪಿಕೊಂಡರೆ ಮದುವೆ ಆರ್ಡರ್ ತಪ್ಪಿಹೋಗುತ್ತಾ?"

ಯಾವ ಮೂರು ದಿನ ಅನ್ನೋದರ ಮೇಲೆ ಇದೆ. ಮಂಗಳವಾರ ಮದುವೆ ಇಡುವವರು ಕಡಿಮೆ, ಅದನ್ನು ಮೊದಲು ಕೇಳಿ. ಜೊತೆಗೆ ಸೋಮವಾರ, ಬುಧವಾರ. ಶನಿವಾರ ಮಾತ್ರ ಬೇಡ. ಭಾನುವಾರದ ಮುಹೂರ್ತಕ್ಕೆ ಹಿಂದಿನ ಸಂಜೆಯೇ ಆರತಕ್ಷತೆ ಇರುತ್ತದೆ, ಅಲ್ವಾ? ಬುಧವಾರ ಮುಹೂರ್ತ ಬಂದರೆ ತರಗತಿ ಬದಲಾಯಿಸಿಕೊಳ್ಳಲು ಬಿಡುತ್ತಾರಾ ಅಂತ ಈಗಲೇ ಬರೆಸಿಕೊಳ್ಳಿ.

ಇನ್ನು ದುಡ್ಡು. ಉದಾಹರಣೆಗೆ ಬಾಡಿಗೆ, ಕ್ಯಾಮೆರಾ ಕಂತು, ಮನೆ ಖರ್ಚು ಸೇರಿ ತಿಂಗಳಿಗೆ 22,000 ಅಂದುಕೊಳ್ಳೋಣ. ಸಂಬಳ ಕಳೆದರೆ ಕೊರತೆ 7,000, ವರ್ಷಕ್ಕೆ 84,000. ಒಂದು ಮದುವೆಗೆ 40,000 ತಗೊಂಡು ಆಲ್ಬಂ, ಸಹಾಯಕ, ಓಡಾಟಕ್ಕೆ 17,000 ಹೋದರೆ ಉಳಿಯೋದು 23,000. ಅಂದರೆ ನಾಲ್ಕು ಮದುವೆಗೆ ವರ್ಷದ ಕೊರತೆ ತುಂಬುತ್ತದೆ. ಈ ಕೆಲಸ ಇಲ್ಲದಿದ್ದರೆ ಅದೇ ಖರ್ಚಿಗೆ ಹನ್ನೆರಡು ಮದುವೆ ಬೇಕು. ಹಾಗಾಗಿ ನಾನಾದರೆ ಒಪ್ಪಿಕೊಳ್ತೀನಿ.

ಆದರೆ ಎರಡು ವಿಷಯ ಕೇಳಿ. ಬೇಸಿಗೆ ರಜೆಯಲ್ಲಿ ಸಂಬಳ ಕೊಡ್ತಾರಾ? ಕೊಡದಿದ್ದರೂ ಚಿಂತೆಯಿಲ್ಲ, ಏಪ್ರಿಲ್-ಮೇ ನಿಮ್ಮ ಸೀಸನ್. ಸಂಬಳ ಮಾತ್ರ ಹತ್ತು ತಿಂಗಳಿಗೆ, ಖರ್ಚು ಹನ್ನೆರಡಕ್ಕೂ ಲೆಕ್ಕ ಹಾಕಿ, ಆಗ ಐದು ಮದುವೆ ಬೇಕು. ಎರಡನೆಯದು, ಸಂಬಳವೋ ವೃತ್ತಿಪರ ಶುಲ್ಕವೋ? ಶುಲ್ಕವಾದರೆ 10% ಟಿಡಿಎಸ್ ಹಿಡಿದು 13,500 ಕೈಗೆ ಬರಬಹುದು. ತೆರಿಗೆ ಬೀಳದಷ್ಟು ಆದಾಯವಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು, ಆದರೆ ಅದು ಆಷಾಢಕ್ಕೆ ಸರಿಯಾಗಿ ಬರೋದಿಲ್ಲ. ಕಾಲೇಜ್ ಡೇ ಫೋಟೋ ಸುಮ್ನೆ ತೆಗೆದುಕೊಡಿ ಅಂತಾರೆ, ಅದಕ್ಕೆ ಬೇರೆ ರೇಟ್ ಹೇಳಿ.