1 ಎಚ್‌ಪಿ ಮೋಟರ್ ನಿಜವಾಗಿ ಎಷ್ಟು ಯೂನಿಟ್ ಎಳೆಯುತ್ತದೆ?

"ಬೆಂಗಳೂರಿನಲ್ಲಿ ನಮ್ಮ ಮನೆ ಸಂಪಿಗೆ 1 ಎಚ್‌ಪಿ ಮೋಟರ್ ಇದೆ. ದಿನಾ 40 ನಿಮಿಷ ಓಡುತ್ತೆ. 746 ವ್ಯಾಟ್, ಯೂನಿಟ್‌ಗೆ 5.80 ರೂಪಾಯಿ ಹಿಡಿದರೆ ತಿಂಗಳಿಗೆ 87 ರೂಪಾಯಿ ಬಂತು. ಸರಿನಾ?"

ಗುಣಾಕಾರ ಸರಿಯಾಗಿದೆ. ಆದರೆ ಖರ್ಚು 150 ರೂಪಾಯಿ ಹತ್ತಿರ ಇರಬಹುದು.

ಮೋಟರ್ ಮೇಲಿನ 1 ಎಚ್‌ಪಿ ಅಂದರೆ ಅದರ ಶಾಫ್ಟ್ ಪಂಪಿಗೆ ಕೊಡುವ ಶಕ್ತಿ. ಮೀಟರ್ ಅಳೆಯುವುದು ಮೋಟರ್ ಒಳಗೆ ಹೋಗುವ ಕರೆಂಟ್. ಮನೆಗಳಲ್ಲಿರುವ ಸಣ್ಣ ಸಿಂಗಲ್ ಫೇಸ್ ಮೋಟರ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಶಾಖವಾಗಿ ಹೋಗಿಬಿಡುತ್ತದೆ. ಓಡಿಸಿದ ಮೇಲೆ ಮೋಟರ್ ಮೈ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಊಹೆ ಬೇಡ, ಅಳೆದೇ ಬಿಡಿ. ಫ್ರಿಜ್ ಸೇರಿ ಮನೆಯದ್ದೆಲ್ಲ ಆಫ್ ಮಾಡಿ, ಮೋಟರ್ ಒಂದನ್ನೇ ಹಾಕಿ. ಮೀಟರ್‌ನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ 3200 imp/kWh ಎಂಬಂತೆ ಬರೆದಿರುತ್ತದೆ, ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ನಮ್ಮ ಮನೆಯಲ್ಲಿ ನಿಮಿಷಕ್ಕೆ 60 ಸಲ ಮಿಣುಕಿತು. ಗಂಟೆಗೆ 3600 ಆಯ್ತಲ್ವಾ? ಅದನ್ನು 3200ರಿಂದ ಭಾಗಿಸಿದರೆ ಗಂಟೆಗೆ 1.125 ಯೂನಿಟ್. ದಿನಕ್ಕೆ 40 ನಿಮಿಷ ಅಂದರೆ 0.75 ಯೂನಿಟ್, ತಿಂಗಳಿಗೆ 22.5.

ದರಕ್ಕೂ ಸ್ವಲ್ಪ ಸೇರಿಸಬೇಕು. 2025-26ರ ಬೆಸ್ಕಾಂ ದರದಲ್ಲಿ 5.80ರ ಮೇಲೆ 9% ತೆರಿಗೆ, ಜೊತೆಗೆ ಪಿಂಚಣಿ ಸರ್‌ಚಾರ್ಜ್ 36 ಪೈಸೆ. ಒಟ್ಟು ಯೂನಿಟ್‌ಗೆ 6.68. ಹಾಗಾಗಿ 150 ರೂಪಾಯಿ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ನಿಮ್ಮ ಬಿಲ್ ನೋಡಿ ಸೇರಿಸಿಕೊಳ್ಳಿ. ನಿಗದಿತ ಶುಲ್ಕ ಮೋಟರ್ ಎಷ್ಟು ಹೊತ್ತು ಓಡಿದರೂ ಅಷ್ಟೇ, ಇಲ್ಲಿ ಬಿಟ್ಟುಬಿಡಿ.

ನಾನು ಹೆಚ್ಚು ಗಮನ ಕೊಡುವುದು ಟ್ಯಾಂಕ್ ತುಂಬುವ ಸಮಯಕ್ಕೆ. ಕಳೆದ ಬೇಸಿಗೆಯಲ್ಲಿ ನಮ್ಮ 1500 ಲೀಟರ್ ಟ್ಯಾಂಕ್ ತುಂಬಲು 40 ನಿಮಿಷದ ಬದಲು 65 ನಿಮಿಷ ಬೇಕಾಯಿತು. ದೀಪ ಎಣಿಸಿದರೆ ನಿಮಿಷಕ್ಕೆ 56, ಮೊದಲಿಗಿಂತ ಕಡಿಮೆ! ಮೋಟರ್‌ಗೆ ಭಾರ ಜಾಸ್ತಿ ಆಗಿರಲಿಲ್ಲ, ನೀರೇ ಕಡಿಮೆ ಬರುತ್ತಿತ್ತು. ಇಂಥ ಪಂಪಿನಲ್ಲಿ ನೀರಿನ ಹರಿವು ಇಳಿದರೆ ಕರೆಂಟೂ ಸ್ವಲ್ಪ ಇಳಿಯುತ್ತದೆ. ಸಂಪಿನ ತಳದಿಂದ ಪೈಪ್ ಎತ್ತಿ ನೋಡಿದರೆ ಫುಟ್‌ವಾಲ್ವ್ ಜಾಲರಿಗೆ ಹೂಳು ಮೆತ್ತಿಕೊಂಡಿತ್ತು.

ಹಾಗೇ ಬಿಟ್ಟಿದ್ದರೆ ತಿಂಗಳಿಗೆ 34 ಯೂನಿಟ್, ಸುಮಾರು 228 ರೂಪಾಯಿ. ಗೃಹಜ್ಯೋತಿಯಲ್ಲಿರುವವರು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅಂಚಿನಲ್ಲಿದ್ದವರನ್ನು ಆಚೆ ತಳ್ಳಲು ಈ ಹನ್ನೊಂದು-ಹನ್ನೆರಡು ಯೂನಿಟ್ ಸಾಕು. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಜಾಲರಿ ಉಜ್ಜಿ, ಪೈಪನ್ನು ತಳದಿಂದ ಒಂದು ಗೇಣು ಮೇಲಕ್ಕೆ ಕಟ್ಟಿದೆ. ಮಾರನೇ ದಿನ 41 ನಿಮಿಷಕ್ಕೆ ಟ್ಯಾಂಕ್ ತುಂಬಿತು.